ಟ್ಯೂಷನ್ನಿಗೆ ಸೇನೆ ಹಾಕಿದ ಬೀಗ

1964ರ ಡಿಸೆಂಬರ್ 7ರಂದು ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನಲ್ಲಿ ಪ್ರಾಥಮಿಕ ಶಾಲೆ ಮುಗಿಸಿದ ಮಕ್ಕಳಿಗೆ ಮಾಧ್ಯಮಿಕ ಶಾಲೆಯ ಪ್ರವೇಶ ಪರೀಕ್ಷೆ ನಡೆಯಿತು. ವಿಜ್ಞಾನದಲ್ಲಿ ಒಂದು ಪ್ರಶ್ನೆ ಹೀಗಿತ್ತು: ಅಕ್ಕಿಯಿಂದ ಅಂಟು ಮಿಠಾಯಿ ಮಾಡುವಾಗ ಮೊಳಕೆ ಬಾರ್ಲಿಯ ಪುಡಿಗೆ ಬದಲಾಗಿ ಏನನ್ನು ಹಾಕಬಹುದು? ಕೊಟ್ಟಿದ್ದ ಉತ್ತರಗಳಲ್ಲಿ 'ಡಯಾಸ್ಟೇಸ್' ಎಂಬ ಕಿಣ್ವದ ಹೆಸರೂ ಇತ್ತು, 'ಮೂಲಂಗಿ ರಸ'ವೂ ಇತ್ತು. ಪರೀಕ್ಷೆ ನಡೆಸಿದವರು ಸರಿಯೆಂದು ಇಟ್ಟುಕೊಂಡದ್ದು ಮೊದಲನೆಯದನ್ನು.

ಮೊಳಕೆ ಕಾಳಿನಲ್ಲಿರುವ ಈ ಕಿಣ್ವ ಪಿಷ್ಟವನ್ನು ಒಡೆದು ಸಕ್ಕರೆಯಾಗಿಸುತ್ತದೆ. ನಮ್ಮಲ್ಲಿ ಮೊಳಕೆ ಕಟ್ಟಿದ ರಾಗಿಯ ಹಿಟ್ಟು ಸಾಮಾನ್ಯ ರಾಗಿ ಹಿಟ್ಟಿಗಿಂತ ಸಿಹಿಯಾಗಿರುವ ಗುಟ್ಟೂ ಇದೇ. ಆದರೆ ಮೂಲಂಗಿಯಲ್ಲೂ ಡಯಾಸ್ಟೇಸ್ ಇದೆಯೆಂದು ಮಕ್ಕಳ ಪಠ್ಯಪುಸ್ತಕವೇ ಹೇಳಿತ್ತು! ಮೂಲಂಗಿ ರಸಕ್ಕೆ ಗುರುತು ಹಾಕಿ ಒಂದು ಅಂಕ ಕಳೆದುಕೊಂಡ ಮಕ್ಕಳ ತಾಯಂದಿರು ಸುಮ್ಮನೆ ಕೂರಲಿಲ್ಲ. ಮನೆಯಲ್ಲಿ ಒಲೆ ಹೊತ್ತಿಸಿ, ಮೂಲಂಗಿ ರಸ ಹಾಕಿಯೇ ಮಿಠಾಯಿ ಕಾಯಿಸಿ, ಪಾತ್ರೆ ಸಮೇತ ಶಿಕ್ಷಣ ಇಲಾಖೆಯ ಕಚೇರಿಗೆ ಹೊತ್ತು ತಂದರು. ಇಗೋ, ಮಿಠಾಯಿ ಆಗಿದೆ, ತಿಂದು ನೋಡಿ ಎಂದರು. ಕೊರಿಯಾ ಭಾಷೆಯಲ್ಲಿ ಆ ಮಿಠಾಯಿ ತಿನ್ನು ಎನ್ನುವುದು ಒಂದು ಬೈಗುಳವೂ ಹೌದು. ಅಧಿಕಾರಿಗಳಿಗೆ ಎರಡೂ ಅರ್ಥ ತಿಳಿದಿರಲೇಬೇಕು. ವಿಷಯ ನ್ಯಾಯಾಲಯದ ಮೆಟ್ಟಿಲು ಹತ್ತಿತು. 1965ರ ಮಾರ್ಚ್‌ನಲ್ಲಿ ತೀರ್ಪು ತಾಯಂದಿರ ಪರವಾಗಿ ಬಂತು. ಒಂದು ಅಂಕದಿಂದ ಹೊರಗುಳಿದಿದ್ದ 38 ಮಕ್ಕಳನ್ನು ಅವರು ಬಯಸಿದ್ದ ಶಾಲೆಗಳಿಗೆ ಸೇರಿಸಿಕೊಳ್ಳಬೇಕಾಯಿತು. ಶಿಕ್ಷಣ ಆಡಳಿತದ ಹಿರಿಯರು ಕೆಲವರು ಹುದ್ದೆ ಬಿಟ್ಟರು.

ಹನ್ನೆರಡು ವರ್ಷದ ಮಗುವಿನ ಒಂದು ಅಂಕಕ್ಕಾಗಿ ಇಷ್ಟು ರಂಪವೇಕೆ ಎಂದು ಕೇಳುವವರು ಆಗಿನ ಕೊರಿಯಾದ ಶಾಲಾ ಏಣಿಯನ್ನು ನೋಡಬೇಕು. ಸೋಲ್‌ನ ಗ್ಯೊಂಗ್ಗಿ ಮಾಧ್ಯಮಿಕ ಶಾಲೆಗೆ ಹೋದವರು ಅದೇ ಹೆಸರಿನ ಪ್ರೌಢಶಾಲೆಗೂ, ಅಲ್ಲಿಂದ ಸೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯಕ್ಕೂ ಹೋಗುವುದು ಹೆಚ್ಚುಕಡಿಮೆ ರೂಢಿಯಾಗಿತ್ತು. ಅಲ್ಲಿಂದ ಮುಂದೆ ಸರ್ಕಾರದ ದೊಡ್ಡ ಹುದ್ದೆಗಳು, ಬ್ಯಾಂಕುಗಳು, ಕಂಪನಿಗಳು. ಗ್ಯೊಂಗ್ಗಿಯ 'ಕೆ', ಸೋಲ್‌ನ 'ಎಸ್' ಸೇರಿಸಿ ಇಂಥವರನ್ನು 'ಕೆ.ಎಸ್. ಮುದ್ರೆಯವರು' ಎಂದು ಜನ ಕರೆಯುತ್ತಿದ್ದರು. ನಮ್ಮಲ್ಲಿ ಐ.ಎಸ್.ಐ. ಮುದ್ರೆ ಇದ್ದ ಹಾಗೆ ಅಲ್ಲಿ ಸರಕಿನ ಗುಣಮಟ್ಟಕ್ಕೆ ಹಾಕುವ ಸರ್ಕಾರಿ ಮುದ್ರೆಯ ಹೆಸರೂ ಕೆ.ಎಸ್.! ಅಂದರೆ ಒಬ್ಬ ಮನುಷ್ಯನ ಐವತ್ತನೇ ವಯಸ್ಸಿನ ಸ್ಥಾನಮಾನ ಅವನ ಹನ್ನೆರಡನೇ ವಯಸ್ಸಿನ ಒಂದು ದಿನದಲ್ಲಿ ಬಹುಪಾಲು ನಿರ್ಧಾರವಾಗಿಬಿಡುತ್ತಿತ್ತು.

ಹಾಗಿರುವಾಗ ಆ ದಿನಕ್ಕೆ ಮಗುವನ್ನು ಸಿದ್ಧಗೊಳಿಸುವ ಕೆಲಸವನ್ನು ಶಾಲೆಯೊಂದಕ್ಕೇ ಬಿಡುವ ತಂದೆತಾಯಿ ಯಾರು? ಶಾಲೆ ಬಿಟ್ಟ ಮೇಲೆ 'ಗ್ವಾವೆ' ಶುರುವಾಗುತ್ತಿತ್ತು. ಪಾಠದ ಹೊರಗಿನ ಪಾಠ ಎಂದು ಆ ಮಾತಿನ ಅರ್ಥ. ಅನೇಕ ಕಡೆ ಹಗಲು ಶಾಲೆಯಲ್ಲಿ ಪಾಠ ಹೇಳಿದ ಮೇಷ್ಟರೇ ಸಂಜೆ ದುಡ್ಡು ತೆಗೆದುಕೊಂಡು ಅದನ್ನೇ ಇನ್ನಷ್ಟು ಬಿಡಿಸಿ ಹೇಳುತ್ತಿದ್ದರು. ಆರನೇ ತರಗತಿಯ ಮಕ್ಕಳು ರಾತ್ರಿಯವರೆಗೂ ಓದುತ್ತಿದ್ದರು. ಯುದ್ಧ ಮುಗಿದು ಆಗಿನ್ನೂ ಹತ್ತು ಹನ್ನೊಂದು ವರ್ಷ. ದೇಶ ಬಡತನದಲ್ಲಿತ್ತು ಎಂಬುದನ್ನು ಮರೆಯಬಾರದು.

ಶಿಕ್ಷಣ ತಜ್ಞರು ಇದನ್ನು 'ನೆರಳು ಶಿಕ್ಷಣ' ಎನ್ನುತ್ತಾರೆ. ಡೇವಿಡ್ ಸ್ಟೀವನ್‌ಸನ್ ಮತ್ತು ಡೇವಿಡ್ ಬೇಕರ್ ಎಂಬ ಸಮಾಜಶಾಸ್ತ್ರಜ್ಞರು 1992ರಲ್ಲಿ ಜಪಾನಿನ ವಿದ್ಯಾರ್ಥಿಗಳ ಬಗ್ಗೆ ಬರೆದ ಅಧ್ಯಯನದಲ್ಲಿ ಈ ಮಾತನ್ನು ಬಳಸಿದರು. 1999ರಲ್ಲಿ ಮಾರ್ಕ್ ಬ್ರೇ ಎಂಬ ವಿದ್ವಾಂಸರು ಯುನೆಸ್ಕೊ ಸಂಸ್ಥೆಗಾಗಿ ಬರೆದ ಪುಸ್ತಕದಿಂದ ಅದು ಪ್ರಚಾರಕ್ಕೆ ಬಂತು. ಶಾಲೆ ಇರುವುದರಿಂದಲೇ ಟ್ಯೂಷನ್ ಇದೆ. ಶಾಲೆಯ ಗಾತ್ರ, ಆಕಾರ ಬದಲಾದ ಹಾಗೆ ನೆರಳಿನದೂ ಬದಲಾಗುತ್ತದೆ ಎನ್ನುವುದು ಈ ಹೋಲಿಕೆಯ ಅರ್ಥ. ಟ್ಯೂಷನ್ ಎಲ್ಲ ದೇಶಗಳಲ್ಲೂ ಉಂಟು. ಆದರೆ ಈ ನೆರಳನ್ನು ಅಳಿಸಿಹಾಕಲು ಕೊರಿಯಾದಷ್ಟು ಹಟದಿಂದ, ಅಷ್ಟು ದೀರ್ಘಕಾಲ ಹೊರಟ ದೇಶ ಬೇರೊಂದು ಸಿಗುವುದು ಕಷ್ಟ. ಆದ್ದರಿಂದಲೇ ಅದರ ಕಥೆ ನಮಗೂ ಬೇಕಾದದ್ದು.

ಗುಂಡು ಬಿದ್ದಲ್ಲಿ ಶಾಲೆ

ಮೊದಲ ಪ್ರಯತ್ನ ಸರಳವಾಗಿತ್ತು. ಟ್ಯೂಷನ್ನಿಗೆ ಕಾರಣ ಪರೀಕ್ಷೆ, ಪರೀಕ್ಷೆಯನ್ನೇ ತೆಗೆದರಾಯಿತು. 1968ರ ಜುಲೈ 15ರಂದು ಪಾರ್ಕ್ ಚುಂಗ್ ಹೀ ಸರ್ಕಾರ ಮಾಧ್ಯಮಿಕ ಶಾಲೆಗಳ ಪ್ರವೇಶ ಪರೀಕ್ಷೆಯನ್ನು ರದ್ದುಪಡಿಸಿತು. 1969ರಲ್ಲಿ ಸೋಲ್‌ನಲ್ಲಿ ಆರಂಭವಾಗಿ 1971ರ ಹೊತ್ತಿಗೆ ಈ ಕ್ರಮ ಇಡೀ ದೇಶಕ್ಕೆ ಹಬ್ಬಿತು. ಮಕ್ಕಳು ಸಾಲಾಗಿ ಬಂದು ಕೈಯಲ್ಲಿ ತಿರುಗಿಸುವ ಒಂದು ಪೀಪಾಯಿಯನ್ನು ತಿರುಗಿಸುತ್ತಿದ್ದರು. ಅದರೊಳಗಿಂದ ಒಂದು ಗುಂಡು ಉರುಳಿ ಬೀಳುತ್ತಿತ್ತು. ಗುಂಡಿನ ಮೇಲಿನ ಸಂಖ್ಯೆ ಯಾವುದೋ ಆ ಮಗುವಿನ ಶಾಲೆ ಅದು. ಗ್ಯೊಂಗ್ಗಿಯಂಥ ಹೆಸರಾಂತ ಮಾಧ್ಯಮಿಕ ಶಾಲೆಗಳನ್ನು ಸರ್ಕಾರ ಮುಚ್ಚಿಯೇಬಿಟ್ಟಿತು. ಮಂತ್ರಿಯ ಮಗನೂ ಮೀನು ಮಾರುವವಳ ಮಗನೂ ಒಂದೇ ಪೀಪಾಯಿ ತಿರುಗಿಸಬೇಕಾಯಿತು.

ಆರನೇ ತರಗತಿಯ ಮಕ್ಕಳಿಗೆ ಇದರಿಂದ ನಿಜವಾಗಿಯೂ ಉಸಿರಾಡಲು ಬಿಡುವಾಯಿತು. ಆದರೆ ಏಣಿಯ ಮೇಲಿನ ಮೆಟ್ಟಿಲು ಹಾಗೆಯೇ ಇತ್ತು. ಗ್ಯೊಂಗ್ಗಿ ಪ್ರೌಢಶಾಲೆ ಎಲ್ಲೂ ಹೋಗಿರಲಿಲ್ಲ. ಅದರ ಪ್ರವೇಶ ಪರೀಕ್ಷೆಯೂ ಇತ್ತು. ಟ್ಯೂಷನ್ ಮೂರು ವರ್ಷ ಮುಂದಕ್ಕೆ ಸರಿಯಿತು, ಅಷ್ಟೆ. ಆಗ 1974ರಲ್ಲಿ ಸೋಲ್ ಮತ್ತು ಬುಸಾನ್ ನಗರಗಳಲ್ಲಿ ಪ್ರೌಢಶಾಲೆಗಳನ್ನೂ 'ಸಮೀಕರಣ' ನೀತಿಯಡಿ ತಂದು, ವಾಸಸ್ಥಳದ ವಲಯದೊಳಗೆ ಚೀಟಿ ಎತ್ತಿ ಮಕ್ಕಳನ್ನು ಹಂಚತೊಡಗಿದರು. ಮರುವರ್ಷ ಇನ್ನು ಕೆಲವು ನಗರಗಳು ಸೇರಿದವು. ಟ್ಯೂಷನ್ ಮತ್ತೆ ಮೂರು ವರ್ಷ ಮುಂದೆ ಹೋಗಿ ವಿಶ್ವವಿದ್ಯಾಲಯದ ಬಾಗಿಲಲ್ಲಿ ನಿಂತಿತು. ಅಲ್ಲಿ ಮಾತ್ರ ಚೀಟಿ ಎತ್ತಲು ಯಾರಿಗೂ ಧೈರ್ಯವಾಗಲಿಲ್ಲ.

ಈ ಚೀಟಿ ಪದ್ಧತಿಯ ಇನ್ನೊಂದು ಮಗ್ಗುಲನ್ನು ಇಲ್ಲೇ ಹೇಳಿಬಿಡಬೇಕು. ವಾಸಸ್ಥಳದ ವಲಯದೊಳಗೆ ಎಂಬ ಎರಡು ಮಾತುಗಳಲ್ಲಿ ಅದು ಅಡಗಿದೆ. ಅದೇ ಕಾಲದಲ್ಲಿ ಸರ್ಕಾರ ಹಾನ್ ನದಿಯ ದಕ್ಷಿಣಕ್ಕೆ, ಗದ್ದೆ ತೋಟಗಳಿದ್ದ ಗಾಂಗ್ನಾಮ್ ಪ್ರದೇಶದಲ್ಲಿ, ಹೊಸ ಬಡಾವಣೆ ಕಟ್ಟುತ್ತಿತ್ತು. ಜನ ಅಲ್ಲಿಗೆ ಹೋಗಲು ಒಪ್ಪಲಿಲ್ಲ. ಅವರನ್ನು ಸೆಳೆಯಲು ಹಳೆಯ ನಗರದ ಹೆಸರಾಂತ ಪ್ರೌಢಶಾಲೆಗಳನ್ನೇ ಅಲ್ಲಿಗೆ ಸಾಗಿಸಿದರು. 1976ರಲ್ಲಿ ಗ್ಯೊಂಗ್ಗಿ ಹೋಯಿತು. ಹಿಂದೆಯೇ ಇನ್ನೂ ಹಲವು. ಶಾಲೆಯ ಹಿಂದೆ ತಂದೆತಾಯಿಗಳೂ ಹೋದರು. ಅಲ್ಲಿನ '8ನೇ ಶಾಲಾ ವಲಯ'ದಲ್ಲಿ ಮನೆಯಿದ್ದವರ ಮಕ್ಕಳಿಗೆ ಮಾತ್ರ ಆ ಶಾಲೆಗಳ ಚೀಟಿ. ಮನೆಯ ಬೆಲೆ ಏರಿತು. ಅಂಕದಿಂದ ಕೊಳ್ಳುತ್ತಿದ್ದುದನ್ನು ಈಗ ನಿವೇಶನದಿಂದ ಕೊಳ್ಳಬೇಕಾಯಿತು. ಇವತ್ತಿಗೂ ಕೊರಿಯಾದಲ್ಲಿ ಕೋಚಿಂಗ್‌ನ ರಾಜಧಾನಿ ಎಂದರೆ ಗಾಂಗ್ನಾಮ್‌ನ ದೇಚಿ ಎಂಬ ಬಡಾವಣೆಯೇ. ಸಮಾನತೆಗಾಗಿ ತಂದ ನಿಯಮ ಊರಿನ ನಕ್ಷೆಯನ್ನೇ ಸಿರಿವಂತರ ವಲಯ, ಉಳಿದವರ ವಲಯ ಎಂದು ಬರೆಯಲು ನೆರವಾದದ್ದು ವಿಪರ್ಯಾಸವೇ ಸರಿ.

ಜುಲೈ 30ರ ಆಜ್ಞೆ

1979ರ ಅಕ್ಟೋಬರ್‌ನಲ್ಲಿ ಪಾರ್ಕ್ ಹತ್ಯೆಯಾಯಿತು. ಡಿಸೆಂಬರ್‌ನಲ್ಲಿ ಜನರಲ್ ಚುನ್ ಡೂ ಹ್ವಾನ್ ಸೇನೆಯನ್ನು ಕೈವಶ ಮಾಡಿಕೊಂಡರು. 1980ರ ಮೇ ತಿಂಗಳಲ್ಲಿ ಗ್ವಾಂಗ್ಜು ನಗರದ ಪ್ರತಿಭಟನೆಯನ್ನು ಸೇನೆ ರಕ್ತದಲ್ಲಿ ಮುಳುಗಿಸಿತು. ಆ ಹೆಣಗಳ ನೆನಪು ಹಸಿಯಾಗಿರುವಾಗಲೇ, ಎರಡು ತಿಂಗಳು ಕಳೆದು ಜುಲೈ 30ರಂದು ಸೇನಾ ಮುಖಂಡರ ವಿಶೇಷ ಸಮಿತಿ ಶಿಕ್ಷಣ ಸುಧಾರಣೆಯ ಆಜ್ಞೆ ಹೊರಡಿಸಿತು. ಶಾಲಾ ಮಕ್ಕಳಿಗೆ ಖಾಸಗಿ ಟ್ಯೂಷನ್ ನಿಷಿದ್ಧ! ಮನೆಪಾಠ ಹೇಳುವಂತಿಲ್ಲ, ಹೇಳಿಸಿಕೊಳ್ಳುವಂತಿಲ್ಲ. ಶಾಲಾ ಪಾಠಗಳಿಗಾಗಿ ಇದ್ದ 'ಹಾಗ್ವೋನ್' ಎಂಬ ಖಾಸಗಿ ತರಗತಿಗಳಿಗೂ ಮಕ್ಕಳು ಹೋಗುವಂತಿಲ್ಲ. ಸಿಕ್ಕಿಬಿದ್ದರೆ ಹೇಳಿದ ಶಿಕ್ಷಕನ ಕೆಲಸ ಹೋಗುತ್ತದೆ. ತಂದೆ ಸರ್ಕಾರಿ ನೌಕರನಾದರೆ ಅವನದೂ ಹೋಗುತ್ತದೆ. ಮಗುವಿನ ಮೇಲೆ ಶಾಲೆ ಕ್ರಮ ಕೈಗೊಳ್ಳುತ್ತದೆ.

ಇದರ ಜೊತೆಗೆ ಇನ್ನೆರಡು ಕ್ರಮಗಳೂ ಬಂದವು. ವಿಶ್ವವಿದ್ಯಾಲಯಗಳು ತಾವೇ ನಡೆಸುತ್ತಿದ್ದ ಕಠಿಣ ಪ್ರವೇಶ ಪರೀಕ್ಷೆಗಳು ರದ್ದಾದವು. ಸರ್ಕಾರದ ಪರೀಕ್ಷೆ ಮತ್ತು ಶಾಲೆಯ ಅಂಕಗಳೇ ಆಧಾರವಾದವು. ಪದವಿ ಪಡೆಯುವವರ ಸಂಖ್ಯೆಗಿಂತ ನೂರಕ್ಕೆ ಮೂವತ್ತರಷ್ಟು ಹೆಚ್ಚು ಮಂದಿಯನ್ನು ಸೇರಿಸಿಕೊಂಡು, ಓದದವರನ್ನು ಆಮೇಲೆ ಹೊರಹಾಕಬೇಕು ಎಂಬ 'ಪದವಿ ಮಿತಿ' ನಿಯಮವೂ ಬಂತು. ಸೇರಿಸಿಕೊಳ್ಳುವುದೇನೋ ಆಯಿತು. ಹೊರಹಾಕುವ ಕೆಲಸ ಯಾರಿಂದಲೂ ಆಗಲಿಲ್ಲ. ಆ ನಿಯಮ 80ರ ದಶಕ ಮುಗಿಯುವ ಮೊದಲೇ ಸತ್ತಿತು. ಆದರೆ 1980ರಿಂದ 1985ರ ಒಳಗೆ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಸಂಖ್ಯೆ ಎರಡು ಪಟ್ಟು ಮೀರಿತು.

ಈ ನಿಷೇಧ ಜನಪ್ರಿಯವಾಗಿತ್ತು ಎನ್ನುವುದು ಓದುಗರಿಗೆ ಆಶ್ಚರ್ಯವೆನಿಸಬಹುದು. ಯೋಚಿಸಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಎಲ್ಲರೂ ಮಾಡುವುದರಿಂದ ತಾನೂ ಮಾಡಬೇಕಾಗಿ ಬಂದ ಖರ್ಚನ್ನು ಎಲ್ಲರಿಗೂ ಒಟ್ಟಿಗೆ ನಿಲ್ಲಿಸಿದರೆ ಯಾರಿಗೆ ಬೇಡ? ಸಿರಿವಂತರ ಮಕ್ಕಳಿಗೆ ಸಿಗುತ್ತಿದ್ದ ಸವಲತ್ತನ್ನು ಕಿತ್ತುಕೊಂಡ ಜನರಲ್ ಎಂದು ಹೇಳಿಸಿಕೊಳ್ಳುವುದು ಗ್ವಾಂಗ್ಜುವಿನ ಬಳಿಕ ಚುನ್ ಅವರಿಗೂ ಬೇಕಾಗಿತ್ತು. ಉದ್ದೇಶದ ಬಗ್ಗೆ ಸಂಶಯಪಡಲು ಕಾರಣವಿದೆ. ಆದರೂ ಆಜ್ಞೆ ಕೈಹಾಕಿದ್ದು ನಿಜವಾದ ಹುಣ್ಣಿಗೇ ಎಂಬುದನ್ನು ಒಪ್ಪಬೇಕು.

ಬೀಗ ಹಾಕಿದ ಮೇಲೆ ಏನಾಯಿತು? ಟ್ಯೂಷನ್ ರಾತ್ರಿಗೆ ಹೋಯಿತು. ಗೊತ್ತುಮಾಡಿದ ಮೂಲೆಯಲ್ಲಿ ಕಾರು ನಿಲ್ಲುತ್ತಿತ್ತು, ಹುಡುಗ ಹತ್ತಿಕೊಳ್ಳುತ್ತಿದ್ದ, ಕಾರು ಊರೆಲ್ಲ ಸುತ್ತುತ್ತಿರುವಾಗ ಒಳಗೆ ಗಣಿತ ನಡೆಯುತ್ತಿತ್ತು. ಊರಾಚೆಯ ಬಂಗಲೆಗಳಲ್ಲಿ ರಜೆ ಕಳೆಯುವ ನೆಪದಲ್ಲಿ ಪಾಠಗಳಾದವು. ಮೇಷ್ಟರು ದೂರದ ನೆಂಟರಾಗಿ ಮನೆಯಲ್ಲಿ ಉಳಿದುಕೊಂಡರು. ಕಾರಿನ ಟ್ಯೂಷನ್, ಬಂಗಲೆ ಟ್ಯೂಷನ್, ನಡುರಾತ್ರಿ ಟ್ಯೂಷನ್ ಎಂದು ಇವಕ್ಕೆಲ್ಲ ಕೊರಿಯನ್ನರ ಬಾಯಲ್ಲಿ ಬೇರೆಬೇರೆ ಹೆಸರುಗಳೇ ಹುಟ್ಟಿಕೊಂಡವು. ಕೆಲಸ ಕಳೆದುಕೊಳ್ಳುವ ಭಯಕ್ಕೂ ಬೆಲೆ ಸೇರಿ ಶುಲ್ಕ ಏರಿತು. ಕಳ್ಳಭಟ್ಟಿಯ ಅರ್ಥಶಾಸ್ತ್ರ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಸಮಾನತೆಯ ಪ್ರಶ್ನೆ ತಲೆಕೆಳಗಾಯಿತು. ನಿಷೇಧಕ್ಕೆ ಮೊದಲು ಒಬ್ಬ ಅಂಗಡಿಕಾರ ಐದಾರು ಮಕ್ಕಳ ಗುಂಪಿನಲ್ಲಿ ತನ್ನ ಮಗನನ್ನೂ ಸೇರಿಸಿ ಅಗ್ಗದ ಟ್ಯೂಷನ್ ಕೊಡಿಸಬಹುದಿತ್ತು. ಐದಾರು ಮಕ್ಕಳ ಗುಂಪು ಗುಟ್ಟಾಗಿ ಉಳಿಯುವುದಿಲ್ಲವಲ್ಲ, ಮೊದಲು ನಿಂತದ್ದು ಅದೇ. ಕಾರು, ಬಂಗಲೆ, ಬಾಯಿ ಬಿಡದ ಆಳುಕಾಳು ಇದ್ದವರದು ಮಾತ್ರ ನಡೆಯಿತು. ನಿಷೇಧದಿಂದ ಟ್ಯೂಷನ್ ಪಡೆಯುವವರ ಸಂಖ್ಯೆ ಕುಗ್ಗಿದ್ದು ನಿಜ. ಬಹುಪಾಲು ಮನೆಗಳ ಖರ್ಚು ಉಳಿದದ್ದೂ ನಿಜ. ಆದರೆ ಮುಂದುವರಿಸಿದ ಕೆಲವರಿಗೆ ಅದರ ಲಾಭ ಹಿಂದಿಗಿಂತ ಹೆಚ್ಚಾಯಿತು.

ಇನ್ನೊಂದು ಪೆಟ್ಟು ಬಿದ್ದದ್ದು ಯಾರೂ ನಿರೀಕ್ಷಿಸದ ಕಡೆ. ಹಳ್ಳಿಯಿಂದ ಬಂದು ಸೋಲ್‌ನ ವಿಶ್ವವಿದ್ಯಾಲಯಗಳಲ್ಲಿ ಓದುತ್ತಿದ್ದ ಬಡ ಹುಡುಗರು ಅನುಕೂಲಸ್ಥರ ಮಕ್ಕಳಿಗೆ ಮನೆಪಾಠ ಹೇಳಿ ಊಟ, ಕೋಣೆ ಬಾಡಿಗೆ, ಶುಲ್ಕ ಹೊಂದಿಸಿಕೊಳ್ಳುತ್ತಿದ್ದರು. ವಾರಾನ್ನ ಮಾಡಿ, ಉಂಡ ಮನೆಯ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟು ಓದಿದ ಹಿರಿಯರ ಕಥೆ ಕೇಳಿ ಬೆಳೆದ ನಮಗೆ ಇದು ಅಪರಿಚಿತವಲ್ಲ. ಟ್ಯೂಷನ್ ಎಂಬುದು ಮೇಲಿನವರಿಂದ ಕೆಳಗಿನವರಿಗೆ ಹಣ ಇಳಿಯುವ ಒಂದು ಸಣ್ಣ ಕಾಲುವೆಯೂ ಆಗಿತ್ತು. ಸೇನೆಯ ಆಜ್ಞೆ ಅದನ್ನೂ ಮುಚ್ಚಿತು.

ಬೀಗ ಒಮ್ಮೆಲೇ ಒಡೆಯಲಿಲ್ಲ, ಸಡಿಲವಾಗುತ್ತ ಬಂತು. 1987ರಲ್ಲಿ ಪ್ರಜಾಪ್ರಭುತ್ವ ಮರಳಿತು. 1989ರಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಮನೆಪಾಠ ಹೇಳಬಹುದು ಎಂದಾಯಿತು. ಮೊದಲು ರಜಾದಿನಗಳಲ್ಲಿ, ಆಮೇಲೆ ಶಾಲೆ ನಡೆಯುವ ದಿನಗಳಲ್ಲೂ ಹಾಗ್ವೋನ್‌ಗಳಿಗೆ ಮಕ್ಕಳು ಹೋಗಬಹುದು ಎಂದಾಯಿತು. ಕಡೆಗೆ 2000ದ ಏಪ್ರಿಲ್ 27ರಂದು ಕೊರಿಯಾದ ಸಾಂವಿಧಾನಿಕ ನ್ಯಾಯಾಲಯ ಉಳಿದ ನಿಷೇಧವೂ ಸಂವಿಧಾನಕ್ಕೆ ವಿರುದ್ಧ ಎಂದು ಹೇಳಿತು. ತೀರ್ಪಿನ ತರ್ಕ ಗಮನಿಸಬೇಕಾದದ್ದು. ಟ್ಯೂಷನ್ನಿನ ಹಾವಳಿ ತಡೆಯುವ ಉದ್ದೇಶ ತಪ್ಪಲ್ಲ ಎಂದು ನ್ಯಾಯಾಲಯ ಒಪ್ಪಿತು. ಆದರೆ ಮೊದಲು ಎಲ್ಲವನ್ನೂ ನಿಷೇಧಿಸಿ ಆಮೇಲೆ ಕೆಲವಕ್ಕೆ ವಿನಾಯಿತಿ ಕೊಟ್ಟಿದ್ದರಿಂದ ಯಾವ ಕೆಡುಕೂ ಇಲ್ಲದ ಕಲಿಕೆಗೂ ನಿಷೇಧ ತಗುಲಿತ್ತು. ಮಕ್ಕಳಿಗೆ ಏನು ಕಲಿಸಬೇಕೆಂದು ತೀರ್ಮಾನಿಸುವುದು ಮೊದಲಿಗೆ ತಂದೆತಾಯಿಯ ಹಕ್ಕು, ಅದಕ್ಕೆ ಈ ಪ್ರಮಾಣದ ಅಡ್ಡಿ ಸಲ್ಲದು ಎಂದಿತು.

ನೂರು ಸೀಟಿನ ಲೆಕ್ಕ

ಸೇನೆಯಿಂದಲೂ ಆಗದ್ದು ಏಕೆ ಆಗಲಿಲ್ಲ ಎಂಬುದಕ್ಕೆ ಒಂದು ಸಣ್ಣ ಲೆಕ್ಕ ಸಾಕು. ಒಂದು ಕಾಲೇಜಿನಲ್ಲಿ 100 ಸೀಟು, ಅರ್ಜಿ ಹಾಕಿದವರು 1,000 ಮಂದಿ ಎಂದಿಟ್ಟುಕೊಳ್ಳೋಣ. ಯಾರಿಗೂ ಟ್ಯೂಷನ್ ಇಲ್ಲದ ವರ್ಷ ಮೊದಲ 100 ರ‍್ಯಾಂಕಿನವರು ಒಳಗೆ ಹೋದರು. ಮರುವರ್ಷ 50 ಮಂದಿ ಟ್ಯೂಷನ್ ತೆಗೆದುಕೊಂಡರು. ಅವರಲ್ಲಿ 20 ಮಂದಿ, ಇಲ್ಲದಿದ್ದರೆ ಹೊರಗುಳಿಯಬೇಕಾಗಿದ್ದವರು, ಒಳಗೆ ಬಂದರು ಎನ್ನೋಣ. ಹಾಗಾದರೆ ಟ್ಯೂಷನ್ ಇಲ್ಲದ 20 ಮಂದಿ ಹೊರಬಿದ್ದಿರಲೇಬೇಕು. ಅವರು ಕಡಿಮೆ ಓದಿದ್ದರಿಂದ ಹೊರಬಿದ್ದದ್ದಲ್ಲ. ಮೂರನೇ ವರ್ಷ ಇದನ್ನು ಕಂಡು 900 ಮಂದಿ ಟ್ಯೂಷನ್ನಿಗೆ ಹೋದರು. ಸೀಟು ಮಾತ್ರ 100 ದಾಟಲಿಲ್ಲ. ಸೀಟು ಸಿಕ್ಕವರು ಬಹುಪಾಲು ಮೊದಲ ವರ್ಷ ಸಿಗಬಹುದಾಗಿದ್ದವರೇ. 900 ಮನೆಗಳ ಖರ್ಚು ಹೆಚ್ಚಿತು. ಉಳಿದ 100 ಮಕ್ಕಳಿಗೆ ಮೊದಲು ಇಲ್ಲದ ಒಂದು ಹೊರೆ ಬಂತು.

ಪಾಸಾದರೆ ಸಾಕು ಎನ್ನುವ ಪರೀಕ್ಷೆಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದವರು ಟುಟೋರಿಯಲ್ಲಿಗೆ ಹೋಗಿ ಪಾಸಾದರೆ ಇನ್ನೊಬ್ಬರ ಪಾಸು ಕಸಿದಂತೆ ಆಗುವುದಿಲ್ಲ. ಅಲ್ಲಿ ಟ್ಯೂಷನ್ ಕುಂಟುವವನಿಗೆ ಊರುಗೋಲು. ರ‍್ಯಾಂಕಿನ ಪರೀಕ್ಷೆಯಲ್ಲಿ ಅದು ಓಟಗಾರನ ಬೂಟು. ಹೆಸರು ಒಂದೇ ಆದ ಈ ಎರಡನ್ನು ಬೆರೆಸಿ ಮಾತಾಡುವುದರಿಂದಲೇ ನಮ್ಮ ಚರ್ಚೆಗಳು ಹೆಚ್ಚಾಗಿ ದಾರಿ ತಪ್ಪುತ್ತವೆ.

ಸಮಾನತೆಗೆ ಇದರ ಅರ್ಥವೇನು? ಕೊರಿಯಾ ಸರ್ಕಾರ 2007ರಿಂದ ಪ್ರತಿವರ್ಷ ಟ್ಯೂಷನ್ ಖರ್ಚಿನ ಸಮೀಕ್ಷೆ ನಡೆಸುತ್ತದೆ. 2023ರಲ್ಲಿ ತಿಂಗಳಿಗೆ 80 ಲಕ್ಷ ವಾನ್ ಅಥವಾ ಹೆಚ್ಚು ಆದಾಯದ ಮನೆಗಳು ಪ್ರತಿ ಮಗುವಿಗೆ ತಿಂಗಳಿಗೆ ಸರಾಸರಿ 6 ಲಕ್ಷ 71 ಸಾವಿರ ವಾನ್ ಖರ್ಚು ಮಾಡಿದವು. 30 ಲಕ್ಷಕ್ಕಿಂತ ಕಡಿಮೆ ಆದಾಯದ ಮನೆಗಳು 1 ಲಕ್ಷ 83 ಸಾವಿರ. ಮೂರೂವರೆ ಪಟ್ಟಿಗೂ ಹೆಚ್ಚಿನ ಅಂತರ. ಇದನ್ನು ಆದಾಯದ ಪಾಲಾಗಿ ನೋಡಿದರೆ ಇನ್ನೊಂದು ವಿಷಯ ಹೊಳೆಯುತ್ತದೆ. ಬಡ ಮನೆ ಪ್ರತಿ ಮಗುವಿಗೆ ಆದಾಯದಲ್ಲಿ ನೂರಕ್ಕೆ ಆರಕ್ಕಿಂತ ಹೆಚ್ಚನ್ನೇ ಕೊಡುತ್ತಿದೆ. ಸಿರಿವಂತ ಮನೆಯ ಪಾಲು ಎಂಟರ ಆಸುಪಾಸು, ಆದಾಯ ಏರಿದಂತೆ ಅದಕ್ಕಿಂತಲೂ ಕಡಿಮೆ. ಅಂದರೆ ಹೆಚ್ಚುಕಡಿಮೆ ಅಷ್ಟೇ ಹೊಟ್ಟೆ ಕಟ್ಟಿ ಬಡವನಿಗೆ ಸಿಗುವುದು ಕಾಲುಭಾಗದಷ್ಟು ಟ್ಯೂಷನ್. ಬಡವರು ಮಕ್ಕಳ ಓದನ್ನು ಲಕ್ಷಿಸುವುದಿಲ್ಲ ಎಂದು ಹಗುರವಾಗಿ ಹೇಳುವವರು ಈ ಲೆಕ್ಕ ನೋಡಬೇಕು.

ನಿಷೇಧ ಹೋದ ಮೇಲೂ ಸರ್ಕಾರ ಕೈಕಟ್ಟಿ ಕೂತಿಲ್ಲ. ರಾತ್ರಿ 10ರ ನಂತರ ಹಾಗ್ವೋನ್ ತೆರೆದಿರಬಾರದು ಎಂದು ಸೋಲ್ ನಿಯಮ ಮಾಡಿತು. 2009ರಲ್ಲಿ ಸಾಂವಿಧಾನಿಕ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಮಕ್ಕಳ ನಿದ್ದೆ ಕಾಪಾಡುವ ಮಿತಿಗೂ ಪೂರ್ತಿ ನಿಷೇಧಕ್ಕೂ ವ್ಯತ್ಯಾಸವಿದೆ ಎಂಬುದು ಅದರ ನಿಲುವು. ಅದೇ ವರ್ಷ ನಿಯಮ ಮೀರಿದ ಹಾಗ್ವೋನ್‌ಗಳ ಸುಳಿವು ಕೊಟ್ಟವರಿಗೆ ಬಹುಮಾನ ಘೋಷಿಸಿದರು. ಕ್ಯಾಮೆರಾ ಹಿಡಿದು ಬೀದಿ ಸುತ್ತಿ ಇದನ್ನೇ ಹೊಟ್ಟೆಪಾಡು ಮಾಡಿಕೊಂಡವರೂ ಹುಟ್ಟಿಕೊಂಡರು. ಹತ್ತು ಗಂಟೆಗೆ ಕೋಣೆಯ ದೀಪ ಆರಿದರೂ ಕಂಪ್ಯೂಟರಿನಲ್ಲಿ ಬರುವ ಪಾಠಕ್ಕೆ ಬೀಗವಿರಲಿಲ್ಲ. ಹೆಚ್ಚು ಪ್ರಯೋಜನ ಕಂಡದ್ದು ಬೇರೊಂದು ಕ್ರಮ. 2004ರಿಂದ ಸರ್ಕಾರಿ ಶೈಕ್ಷಣಿಕ ವಾಹಿನಿ ಇ.ಬಿ.ಎಸ್. ವಿಶ್ವವಿದ್ಯಾಲಯ ಪ್ರವೇಶ ಪರೀಕ್ಷೆಯ ಪಾಠಗಳನ್ನು ಉಚಿತವಾಗಿ ಕೊಡತೊಡಗಿತು. ಪರೀಕ್ಷೆಯ ಬಹುಭಾಗ ಪ್ರಶ್ನೆಗಳು ಆ ಪಾಠಪುಸ್ತಕಗಳಿಗೆ ಹೊಂದಿಕೊಂಡಿರಬೇಕು ಎಂದೂ ಆಮೇಲೆ ನಿಯಮವಾಯಿತು. ಹಳ್ಳಿಯ ಮಗುವಿಗೆ ಇದರಿಂದ ಅನುಕೂಲವಾಯಿತು. ತರಗತಿಯಲ್ಲಿ ಮೇಷ್ಟರೂ ಪಠ್ಯಪುಸ್ತಕ ಬದಿಗಿಟ್ಟು ಇ.ಬಿ.ಎಸ್. ಪುಸ್ತಕವನ್ನೇ ಬಿಡಿಸುವಂತಾದದ್ದು ಅದರ ಬೆಲೆ.

ನಮ್ಮಲ್ಲಿ ಇಂಥ ಸಾರಾಸಗಟು ನಿಷೇಧ ಎಂದೂ ಬಂದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಕಲಂ ಶಾಲಾ ಶಿಕ್ಷಕರು ಖಾಸಗಿ ಟ್ಯೂಷನ್ ಹೇಳುವುದನ್ನು ನಿಷೇಧಿಸುತ್ತದೆ. ಕರ್ನಾಟಕದಲ್ಲಿ ಟ್ಯೂಷನ್ ಸಂಸ್ಥೆಗಳ ನೋಂದಣಿಗೆ 2001ರ ನಿಯಮಗಳಿವೆ. 16 ವರ್ಷಕ್ಕಿಂತ ಚಿಕ್ಕವರನ್ನು ಕೋಚಿಂಗ್ ಕೇಂದ್ರಗಳಿಗೆ ಸೇರಿಸಿಕೊಳ್ಳಬಾರದು ಎಂದು ಕೇಂದ್ರ ಸರ್ಕಾರ 2024ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿತು. ಕೊರಿಯಾದ ಅನುಭವ ಬಲ್ಲವರಿಗೆ ಈ ಕಾಗದಗಳಿಗಿಂತ ಪ್ರವೇಶದ ಸೂತ್ರ ಮುಖ್ಯವೆನಿಸುತ್ತದೆ. ನಮ್ಮ ಸಿಇಟಿಯಲ್ಲಿ ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ ಹಿಡಿಯುವ ಪದ್ಧತಿ ಇಂಥ ಒಂದು ಸೂತ್ರ. ತರಗತಿಯ ಪಾಠಕ್ಕೆ ಅರ್ಧ ತೂಕವಿರುವವರೆಗೆ ಹುಡುಗ ತರಗತಿಯಲ್ಲಿ ಕೂರಲು ಒಂದು ಕಾರಣ ಉಳಿಯುತ್ತದೆ. ವೈದ್ಯಕೀಯಕ್ಕೆ ನೀಟ್ ಅಂಕವೊಂದೇ ಲೆಕ್ಕ. ಪಿಯುಸಿಯಲ್ಲಿ ಅರ್ಹತೆಯ ಗೆರೆ ದಾಟಿದರೆ ಮುಗಿಯಿತು. ಕಾಲೇಜಿನಲ್ಲಿ ಹೆಸರು ಮಾತ್ರ ಇಟ್ಟು ದಿನವಿಡೀ ಕೋಚಿಂಗ್‌ನಲ್ಲಿ ಕೂರುವ ಪದ್ಧತಿ ಎಲ್ಲಿ ಬೆಳೆಯುತ್ತದೆ ಎಂದು ಇದರಿಂದಲೇ ಊಹಿಸಬಹುದು.

ನೆರಳು ಮೈಯನ್ನೇ ಮೀರಿತೇ ಎಂದು ತಿಳಿಯಲು ಕೊರಿಯಾದಲ್ಲಿ ಒಂದು ಗುರುತಿದೆ. ಅಲ್ಲಿ ಅದನ್ನು 'ಮುಂಚಿತ ಕಲಿಕೆ' ಎನ್ನುತ್ತಾರೆ. ಹಾಗ್ವೋನ್ ಶಾಲೆಯ ಪಾಠವನ್ನು ಪುನರಾವರ್ತಿಸುವ ಬದಲು ಮುಂದಿನ ವರ್ಷದ್ದನ್ನು, ಕೆಲವೊಮ್ಮೆ ಎರಡು ಮೂರು ವರ್ಷ ಮುಂದಿನದನ್ನು ಈಗಲೇ ಮುಗಿಸುತ್ತದೆ. ತರಗತಿಯಲ್ಲಿ ಮೇಷ್ಟರು ಹೊಸ ಅಧ್ಯಾಯ ತೆರೆದಾಗ ಮುಕ್ಕಾಲು ಮಕ್ಕಳಿಗೆ ಅದು ಗೊತ್ತಿರುತ್ತದೆ. ಮೇಷ್ಟರು ಬೇಗಬೇಗ ದಾಟುತ್ತಾರೆ. ಪರೀಕ್ಷೆಯಲ್ಲಿ ಮಕ್ಕಳನ್ನು ಮೇಲೆ ಕೆಳಗೆ ಬೇರ್ಪಡಿಸಬೇಕಾದ್ದರಿಂದ ಪ್ರಶ್ನೆಯನ್ನು ಕಷ್ಟ ಮಾಡುತ್ತಾರೆ. ಉಳಿದ ಕಾಲುಭಾಗ ಮಕ್ಕಳಿಗೆ ಶಾಲೆಯೇ ಅರ್ಥವಾಗದ ಜಾಗವಾಗುತ್ತದೆ. ಟ್ಯೂಷನ್ನಿಗೆ ಹೋಗದ ಮಗು ಮೊದಲು ಓಟದಲ್ಲಿ ಹಿಂದೆ ಬೀಳುತ್ತಿತ್ತು. ಈಗ ಪಾಠದಲ್ಲೇ ಹಿಂದೆ ಬೀಳುತ್ತದೆ. ಇದನ್ನು ತಡೆಯಲು 2014ರಲ್ಲಿ ಒಂದು ಕಾನೂನು ಮಾಡಿದರು. ಶಾಲೆಗಳು ತರಗತಿಯ ಮಟ್ಟ ಮೀರಿ ಕಲಿಸುವಂತಿಲ್ಲ, ಕಲಿಸದ್ದನ್ನು ಪರೀಕ್ಷೆಯಲ್ಲಿ ಕೇಳುವಂತಿಲ್ಲ. ಹಾಗ್ವೋನ್‌ಗಳು ಮುಂಚಿತವಾಗಿ ಕಲಿಸುತ್ತೇವೆಂದು ಜಾಹೀರಾತು ಹಾಕುವಂತಿಲ್ಲ. ಕಲಿಸಬಾರದು ಎಂದು ಮಾತ್ರ ಕಾನೂನು ಹೇಳಲಿಲ್ಲ. 2000ದ ತೀರ್ಪಿನ ಬಳಿಕ ಹಾಗೆ ಹೇಳುವುದು ಸುಲಭವೂ ಆಗಿರಲಿಲ್ಲ.

2023ರ ಜೂನ್‌ನಲ್ಲಿ ಆಗಿನ ಅಧ್ಯಕ್ಷ ಯೂನ್ ಸುಕ್ ಯೋಲ್ ಸರ್ಕಾರ, ಶಾಲೆಯಲ್ಲಿ ಕಲಿಸದ, ಹಾಗ್ವೋನ್‌ನಲ್ಲಿ ಮಾತ್ರ ಅಭ್ಯಾಸವಾಗುವ 'ಕೊಲೆಗಾರ ಪ್ರಶ್ನೆ'ಗಳನ್ನು ಪ್ರವೇಶ ಪರೀಕ್ಷೆಯಿಂದ ತೆಗೆಯಬೇಕೆಂದು ಹೇಳಿತು. ಪರೀಕ್ಷೆಗೆ ಆಗ ಐದು ತಿಂಗಳು ಉಳಿದಿತ್ತು. ಹೊಸ ಪರೀಕ್ಷೆ ಹೇಗಿರಬಹುದೋ ತಿಳಿಯದೆ ಗಾಬರಿಯಾದ ತಂದೆತಾಯಿಗಳು ಅದನ್ನು ತಿಳಿಯಲು ಎಲ್ಲಿಗೆ ಹೋದರು ಎಂದು ಬೇರೆ ಹೇಳಬೇಕೆ? ಆ ವರ್ಷ ಮಕ್ಕಳ ಸಂಖ್ಯೆ ಇಳಿದಿದ್ದರೂ ದೇಶದ ಟ್ಯೂಷನ್ ಖರ್ಚು 27 ಲಕ್ಷ ಕೋಟಿ ವಾನ್ ದಾಟಿತು. 2024ರಲ್ಲಿ 29 ಲಕ್ಷ ಕೋಟಿ ದಾಟಿತು. ನೂರರಲ್ಲಿ 80 ಮಕ್ಕಳು ಯಾವುದಾದರೊಂದು ಟ್ಯೂಷನ್ನಿನಲ್ಲಿದ್ದರು.

ಆ ಲೆಕ್ಕದಲ್ಲಿ ಶಾಲೆಗೆ ಹೋಗುವ ವಯಸ್ಸಿನ ಕೆಳಗಿನವರು ಸೇರಿಲ್ಲ. ಅವರ ಬಗ್ಗೆ ಕೊರಿಯಾ ಸರ್ಕಾರ ನಡೆಸಿದ ಪ್ರಾಯೋಗಿಕ ಸಮೀಕ್ಷೆಯ ವರದಿ 2025ರ ಮಾರ್ಚ್‌ನಲ್ಲಿ ಪ್ರಕಟವಾಯಿತು. ಆರು ವರ್ಷದ ಒಳಗಿನ ಮಕ್ಕಳಲ್ಲಿ ನೂರಕ್ಕೆ 47ಕ್ಕಿಂತ ಹೆಚ್ಚು ಮಂದಿಗೆ ಟ್ಯೂಷನ್ ನಡೆಯುತ್ತಿತ್ತು. ಹೆಸರಾಂತ ಹಾಗ್ವೋನ್‌ಗಳಿಗೆ ಸೇರಲು ಪುಟಾಣಿಗಳು ಬರೆಯುವ ಪರೀಕ್ಷೆಗೆ ಜನ 'ಏಳು ವರ್ಷದವರ ಪರೀಕ್ಷೆ' ಎಂದು ಹೆಸರಿಟ್ಟಿದ್ದಾರೆ. ಹುಟ್ಟಿದಾಗಲೇ ಒಂದು ವರ್ಷ ಎಂದು ಎಣಿಸುವುದು ಕೊರಿಯಾದ ಹಳೆಯ ರೂಢಿ. ಆದ್ದರಿಂದ ನಮ್ಮ ಲೆಕ್ಕದಲ್ಲಿ ಆ ಮಕ್ಕಳಿಗೆ ಐದೋ ಆರೋ ವರ್ಷ. 1964ರಲ್ಲಿ ಮೂಲಂಗಿ ರಸಕ್ಕೆ ಗುರುತು ಹಾಕಿದ ಮಕ್ಕಳ ಅರ್ಧ ವಯಸ್ಸು.